ಜೋಡಿ ಕಾಫಿ ಎಂಟನೇ ಸುತ್ತಿಗೇ ಸೊರಗಿತು: ಮನೆಯಿಂದಲೇ ಕೆಲಸ ಮಾಡುವ 46 ಜನರ ತಂಡಗಳನ್ನು ಬೆಸೆಯುವುದು ಹೇಗೆ?

ಗಾಂಧಿಬಜಾರ್

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ವ್ಯಾಪಾರಿಗಳಿಗಾಗಿ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಬೆಂಗಳೂರಿನ ಕಂಪನಿ. ಒಟ್ಟು 46 ಜನರಿದ್ದೇವೆ. 2020ರ ಮಾರ್ಚಿನಲ್ಲಿ ಮನೆಗೆ ಹೋದವರು ಮತ್ತೆ ಕಚೇರಿಗೆ ಮರಳಲಿಲ್ಲ. ಮರುವರ್ಷ ಹೊರವರ್ತುಲ ರಸ್ತೆಯಲ್ಲಿದ್ದ ಕಚೇರಿಯ ಬಾಡಿಗೆ ಕರಾರನ್ನೂ ಮುಗಿಸಿದೆವು. ಈಗ 27 ಜನ ಬೆಂಗಳೂರಿನಲ್ಲಿ ತಮ್ಮ ತಮ್ಮ ಮನೆಗಳಿಂದ, ಉಳಿದ 19 ಜನ ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ ಮುಂತಾದ ಊರುಗಳಿಂದ ಕೆಲಸ ಮಾಡುತ್ತಾರೆ. ನಾನು ಎಂಜಿನಿಯರಿಂಗ್ ವಿಭಾಗವನ್ನು ನೋಡಿಕೊಳ್ಳುತ್ತೇನೆ.

ನಾಲ್ಕು ತಿಂಗಳ ಹಿಂದೆ ಸ್ಲ್ಯಾಕ್‌ನಲ್ಲಿ `#bytwo` ಎಂಬ ಚಾನೆಲ್ ತೆರೆದು, ಅದಕ್ಕೆ ಡೋನಟ್ ಎಂಬ ಬಾಟ್ ಅನ್ನು ಸೇರಿಸಿದೆವು. ದರ್ಶಿನಿಯಲ್ಲಿ ಇಬ್ಬರು ನಿಂತು ಬೈಟು ಕಾಫಿ ಹಂಚಿಕೊಳ್ಳುವ ಹಾಗೆ, ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ಬಾಟ್ ಸದಸ್ಯರನ್ನು ಜೋಡಿ ಮಾಡುತ್ತದೆ ಮತ್ತು ಆ ಜೋಡಿಗಳು ಅದೇ ವಾರ ಅರ್ಧ ಗಂಟೆ ವಿಡಿಯೊದಲ್ಲಿ ಮಾತನಾಡಬೇಕು. ಇಷ್ಟಪಟ್ಟವರಷ್ಟೇ ಸೇರಲಿ ಎಂದಿದ್ದೆವು, 40 ಜನ ಸೇರಿದರು. ಮೊದಲ ವಾರ 20 ಜೋಡಿಗಳಲ್ಲಿ 17 ಜೋಡಿಗಳು ಮಾತನಾಡಿದವು. ಎಂಟನೇ ವಾರದ ಹೊತ್ತಿಗೆ ಅದು 6ಕ್ಕೆ ಇಳಿದಿತ್ತು, ಆಮೇಲೆ ಏರಲೇ ಇಲ್ಲ.

ಇದನ್ನು ಕೈಬಿಡಲು ನನಗೆ ಮನಸ್ಸಿಲ್ಲ. ಎರಡನೇ ಸುತ್ತಿನಲ್ಲಿ ಸಪೋರ್ಟ್ ತಂಡದ ಒಬ್ಬ ಹುಡುಗಿಗೂ ನಮ್ಮ ಡೇಟಾಬೇಸ್ ನೋಡಿಕೊಳ್ಳುವ ಎಂಜಿನಿಯರ್‌ಗೂ ಜೋಡಿ ಬಿತ್ತು. ಊರು, ಮನೆ ಎಂದು ಮಾತನಾಡುತ್ತಿದ್ದಾಗ ಅವಳು, ತಿಂಗಳ ಎಂಟರಿಂದ ಹನ್ನೊಂದರವರೆಗೆ ತಮ್ಮ ತಂಡದಲ್ಲಿ ಯಾರೂ ರಜೆ ಹಾಕುವುದಿಲ್ಲ ಎಂದಳಂತೆ. ಏಕೆಂದು ಇವನು ಕೇಳಿದ. ಪ್ರತಿ ತಿಂಗಳು ತೆರಿಗೆಯ ವಿವರ ಸಲ್ಲಿಸುವ ವ್ಯಾಪಾರಿಗಳಿಗೆ ಮಾರಾಟದ ವಿವರಪಟ್ಟಿಯಾದ ಜಿಎಸ್‌ಟಿಆರ್-1 ಸಲ್ಲಿಸಲು ಮುಂದಿನ ತಿಂಗಳ 11 ಕೊನೆಯ ದಿನ, ಆದ್ದರಿಂದ ಆ ನಾಲ್ಕು ದಿನ ಫೋನು ಕೆಳಗಿಡಲು ಆಗುವುದಿಲ್ಲ ಎಂದು ಅವಳು ವಿವರಿಸಿದಳು. ನಮ್ಮವನು ಅದನ್ನು ಕೇಳಿ ದಂಗಾದ. ಏಕೆಂದರೆ ಡೇಟಾಬೇಸ್ ನಿರ್ವಹಣೆಗೆಂದು ನಾವು ವರ್ಷಗಳಿಂದ ಇಟ್ಟುಕೊಂಡಿದ್ದ ಸಮಯ ಪ್ರತಿ ತಿಂಗಳ 10ರ ರಾತ್ರಿ ಒಂಬತ್ತರಿಂದ ಹನ್ನೊಂದು. ಅವನು ಅಂದೇ ಅದನ್ನು 14ಕ್ಕೆ ಸರಿಸಿದ.

ಆದರೆ ಎರಡು ತಿಂಗಳ ನಂತರ ಅವನು ರಜೆಯಲ್ಲಿದ್ದಾಗ, ಅವನ ಬದಲಿಗೆ ಬಂದವರು ಹಳೆಯ ಟಿಪ್ಪಣಿಯನ್ನು ನೋಡಿ ನಿರ್ವಹಣೆಯನ್ನು ಮತ್ತೆ 10ಕ್ಕೆ ಇಟ್ಟರು. ಆ ರಾತ್ರಿ ಸಪೋರ್ಟ್ ತಂಡಕ್ಕೆ ಬಂದ ಕರೆಗಳು ಎಪ್ಪತ್ತಕ್ಕೂ ಹೆಚ್ಚು.

ಆದ್ದರಿಂದ ನನ್ನ ಪ್ರಶ್ನೆ ಎರಡು. ಈ ಜೋಡಿ ಕಾಫಿ ಸೊರಗಿದ್ದೇಕೆ? ಅಲ್ಲಿ ತಿಳಿದದ್ದು ಆ ಇಬ್ಬರಲ್ಲೇ ಉಳಿಯದಂತೆ ಮಾಡುವುದು ಹೇಗೆ? ಎಲ್ಲ ತಂಡಗಳಿಗೂ ಸೇರಿ `#cross-team` ಎಂಬ ಚಾನೆಲ್ ಒಂದನ್ನು ತೆರೆದಿದ್ದೇವೆ, ಅದರಲ್ಲಿ ಹಬ್ಬದ ಶುಭಾಶಯಗಳನ್ನು ಬಿಟ್ಟು ಬೇರೇನೂ ಬರುತ್ತಿಲ್ಲ.

ರಾಜಾಜಿನಗರ_5

ಇದಕ್ಕೆ ಇಷ್ಟು ಯೋಚಿಸಬೇಕಾಗಿಲ್ಲ ಎನಿಸುತ್ತದೆ. ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಎಲ್ಲರಿಗೂ ಅನುಕೂಲವಾದ ಒಂದು ಜಾಗವನ್ನು ಗೊತ್ತು ಮಾಡಿ. ಮೆಟ್ರೊ ನಿಲ್ದಾಣದ ಪಕ್ಕದಲ್ಲಿದ್ದರೆ ಒಳ್ಳೆಯದು. ನಮ್ಮ ತಂಡದವರು ಕಬ್ಬನ್ ಪಾರ್ಕ್ ಹತ್ತಿರ ಸೇರುತ್ತೇವೆ, ತಿಂಡಿ ಮುಗಿಸಿ ಹನ್ನೊಂದಕ್ಕೆಲ್ಲ ಮನೆ ಸೇರುತ್ತೇವೆ. ಎದುರಾಎದುರು ಕುಳಿತು ಕುಡಿದ ಕಾಫಿಗೆ ಪರದೆಯ ಕಾಫಿ ಸಮವಲ್ಲ.

ಗಾಂಧಿಬಜಾರ್

ರಾಜಾಜಿನಗರದವರೇ, ನಿಮ್ಮ ಮಾತು ನನಗೆ ಒಪ್ಪಿಗೆ. ವರ್ಷಕ್ಕೆರಡು ಬಾರಿ ನಾವೂ ಎಲ್ಲರನ್ನೂ ಕರೆಸಿಕೊಳ್ಳುತ್ತೇವೆ. ಆದರೆ ಶನಿವಾರದ ತಿಂಡಿ ಎಂದರೆ ಹೊರಗಿನ ಊರುಗಳ 19 ಜನ ಪ್ರತಿ ತಿಂಗಳೂ ಹೊರಗೇ ಉಳಿಯುತ್ತಾರೆ, ಬೆಂಗಳೂರಿನವರದ್ದೇ ಒಂದು ಗುಂಪಾಗುತ್ತದೆ. ನಾನು ಕೇಳುತ್ತಿರುವುದು ಭೇಟಿಯಾಗಲು ಆಗದವರ ನಡುವಿನ ವಾರವಾರದ ಸಂಪರ್ಕದ ಬಗ್ಗೆ.

ತಪ್ಪಲು

ನಮ್ಮಲ್ಲಿಯೂ ಹೀಗೆಯೇ ಆಗಿತ್ತು. ಕಾರಣ ಎರಡು ಎಂಬುದು ನನ್ನ ಅನುಭವ. ಮೊದಲನೆಯದು ಸೋಮವಾರ ಬೆಳಿಗ್ಗೆ. ಆ ಹೊತ್ತಿನಲ್ಲಿ ವಾರದ ಯೋಜನೆಯ ಮೀಟಿಂಗುಗಳು ನಡೆಯುತ್ತಿರುವುದರಿಂದ ಬಾಟ್‌ನ ಸಂದೇಶ ಕೆಳಗೆ ಸರಿದುಹೋಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾವು ಅದನ್ನು ಬುಧವಾರಕ್ಕೆ ಹಾಕಿದ ಮೇಲೆ ಸ್ಪಷ್ಟವಾದ ವ್ಯತ್ಯಾಸ ಕಂಡಿತು. ಎರಡನೆಯದು, ಇಷ್ಟವಿದ್ದವರು ಬನ್ನಿ ಎನ್ನುವುದು. ಕಡ್ಡಾಯ ಮಾಡಿದರೆ ಎಲ್ಲರೂ ಬರುತ್ತಾರೆ. ಇನ್ನು ಜೋಡಿಗಳ ವಿಚಾರದಲ್ಲಿ ನೀವು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಬಾಟ್ ಯಾದೃಚ್ಛಿಕವಾಗಿ ಆರಿಸುವುದರಿಂದ ತಂಡಗಳು ತಾವಾಗಿಯೇ ಬೆರೆಯುತ್ತವೆ.

ಮೂರು_ಗಡಿಯಾರ

ಬೆಂಗಳೂರು, ಬರ್ಲಿನ್ ಮತ್ತು ಟೊರಾಂಟೊದಲ್ಲಿ ಜನರಿರುವ ಕಂಪನಿಯೊಂದರಲ್ಲಿ ಐದು ವರ್ಷಗಳಿಂದ ಇದೇ ವ್ಯವಸ್ಥೆಯನ್ನು ನಡೆಸುತ್ತಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ತಪ್ಪಲು ಅವರೇ, ಸೋಮವಾರದ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಯಾದೃಚ್ಛಿಕವಾಗಿ ಆರಿಸಿದರೆ ತಂಡಗಳು ತಾವಾಗಿಯೇ ಬೆರೆಯುತ್ತವೆ ಎಂಬುದು ತಂಡಗಳೆಲ್ಲ ಒಂದೇ ಗಾತ್ರದಲ್ಲಿದ್ದಾಗ ಮಾತ್ರ ನಿಜ. ಗಾಂಧಿಬಜಾರ್ ಅವರೇ, `#bytwo`ನಲ್ಲಿರುವ 40 ಜನ ಯಾವ ಯಾವ ವಿಭಾಗದವರು ಎಂದು ಎಣಿಸಿ ತಿಳಿಸುತ್ತೀರಾ?

ಗಾಂಧಿಬಜಾರ್

ಎಂಜಿನಿಯರಿಂಗ್ 22, ಸಪೋರ್ಟ್ 7, ಸೇಲ್ಸ್ 5, ಡಿಸೈನ್ 3, ಅಕೌಂಟ್ಸ್ ಮತ್ತು ಎಚ್‌ಆರ್ ಸೇರಿ 3.

ಮೂರು_ಗಡಿಯಾರ

ಮೊದಲ ತೊಡಕು ಇಲ್ಲಿಯೇ ಇದೆ. ನಿಮ್ಮ ಒಬ್ಬ ಎಂಜಿನಿಯರ್‌ಗೆ ಜೋಡಿಯಾಗಬಹುದಾದ 39 ಜನರಲ್ಲಿ 21 ಜನ ಎಂಜಿನಿಯರುಗಳೇ. ಅಂದರೆ ನೂರಕ್ಕೆ 54ರಷ್ಟು ಬಾರಿ ಅವನಿಗೆ ಸಿಗುವುದು ತನ್ನದೇ ವಿಭಾಗದವರು. ಬೆಳಿಗ್ಗೆ ತಂಡದ ದಿನದ ಮೀಟಿಂಗ್ ಆದ ಸ್ಟ್ಯಾಂಡಪ್‌ನಲ್ಲಿ ಕಂಡ ಮುಖವನ್ನೇ ಮಧ್ಯಾಹ್ನ ಮತ್ತೆ ಕಂಡು ಅರ್ಧ ಗಂಟೆ ಏನು ಮಾತನಾಡುವುದು? ಎರಡು ಬಾರಿ ಹಾಗಾದರೆ ಮೂರನೆಯ ಬಾರಿ ಅವನು ಮುಂದೂಡುತ್ತಾನೆ. ಅದೇ ಡಿಸೈನ್‌ನವರಿಗೆ ಸ್ವಂತ ವಿಭಾಗದವರು ಸಿಗುವುದು ನೂರಕ್ಕೆ ಐದು ಬಾರಿ. ಅವರಿಗೆ ಈ ವ್ಯವಸ್ಥೆ ಚೆನ್ನಾಗಿಯೇ ಕಾಣುತ್ತಿರಬೇಕು. ನಿಮ್ಮಲ್ಲಿ ಮೊದಲು ಕೈಬಿಟ್ಟವರು ಎಂಜಿನಿಯರುಗಳೇ ಎಂಬುದು ನನ್ನ ಊಹೆ. ಕ್ಯಾಲೆಂಡರ್ ನೋಡಿ ಪರೀಕ್ಷಿಸಬಹುದು.

ವಿಭಾಗ ದಾಟಿಯೇ ಜೋಡಿ ಮಾಡಿ ಎಂದು ನಿಯಮ ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಎಂಜಿನಿಯರುಗಳಲ್ಲದವರು 18 ಜನ. ಆ ನಿಯಮವನ್ನು ಆದಷ್ಟು ಮಟ್ಟಿಗೆ ಪಾಲಿಸಿದರೆ ಆ 18 ಜನರೂ ಪ್ರತಿ ಸುತ್ತಿನಲ್ಲೂ ಎಂಜಿನಿಯರುಗಳ ಪಾಲಾಗುತ್ತಾರೆ, ಸಪೋರ್ಟ್‌ನವರು ಸೇಲ್ಸ್‌ನವರನ್ನು ಎಂದಿಗೂ ಕಾಣುವುದಿಲ್ಲ. ಎಂಜಿನಿಯರಿಂಗ್ ಎಂಬುದನ್ನು ಒಂದೇ ತಂಡವೆಂದು ಎಣಿಸಬೇಡಿ. ಪ್ರತಿದಿನ ಒಂದೇ ಸ್ಟ್ಯಾಂಡಪ್‌ಗೆ ಯಾರು ಬರುತ್ತಾರೋ ಅವರಷ್ಟೇ ಒಂದು ತಂಡ. ನಿಮ್ಮ 22 ಜನ ನಾಲ್ಕು ಸ್ಟ್ಯಾಂಡಪ್‌ಗಳಲ್ಲಿ ಹಂಚಿಹೋಗಿರಬಹುದು. ಹಾಗೆ ಗುರುತಿಸಿದರೆ ಆರು ಜನರ ತಂಡದವನಿಗೆ ಸ್ವಂತ ತಂಡದವರು ಸಿಗುವ ಸಾಧ್ಯತೆ ಯಾದೃಚ್ಛಿಕವಾಗಿಯೇ ನೂರಕ್ಕೆ 13ಕ್ಕೆ ಇಳಿಯುತ್ತದೆ, ಅದನ್ನೂ ನಿಯಮದಿಂದ ತಡೆಯುವುದು ಸುಲಭ.

ಎರಡನೆಯ ತೊಡಕು ನೀವು ಬರೆದದ್ದರಲ್ಲೇ ಅಡಗಿದೆ. ಬಾಟ್ ಇಬ್ಬರಿಗೂ ಒಂದೇ ಸಂದೇಶ ಕಳುಹಿಸುತ್ತದೆ. ಅವರು ಕರೆಯಲಿ ಎಂದು ಇವರು, ಇವರು ಕರೆಯಲಿ ಎಂದು ಅವರು. ಅದರಲ್ಲೂ ನಮ್ಮಲ್ಲಿ ಒಬ್ಬರು ಹಿರಿಯರು, ಇನ್ನೊಬ್ಬರು ಹೊಸಬರಾಗಿದ್ದರೆ ಹೊಸಬರು ಸಂಕೋಚದಿಂದಲೇ ಸುಮ್ಮನಿರುತ್ತಾರೆ. ನಡೆಯದೆ ಹೋದ ಜೋಡಿಗಳ ಸಂದೇಶಗಳನ್ನು ನಾನೊಮ್ಮೆ ಸದಸ್ಯರ ಒಪ್ಪಿಗೆ ಪಡೆದು ನೋಡಿದ್ದೆ. ಹೆಚ್ಚಿನವುಗಳಲ್ಲಿ ಬಾಟ್‌ನ ಸಂದೇಶದ ಕೆಳಗೆ ಒಂದಕ್ಷರವೂ ಇರಲಿಲ್ಲ. ಸಮಯ ಹೊಂದದೆ ಬಿಟ್ಟವರು ತೀರ ಕಡಿಮೆ, ಉಳಿದವರು ಆರಂಭಿಸಿಯೇ ಇರಲಿಲ್ಲ. ಅಂದಿನಿಂದ ಜೋಡಿಯಲ್ಲಿ ಮೊದಲ ಹೆಸರಿನವರೇ ಇನ್ವೈಟ್ ಕಳುಹಿಸಬೇಕು ಎಂದು ಸಂದೇಶದಲ್ಲೇ ಬರೆಯುತ್ತೇವೆ, ಮತ್ತು ಹಿರಿಯರ ಹೆಸರೇ ಮೊದಲು ಬರುವಂತೆ ನೋಡಿಕೊಳ್ಳುತ್ತೇವೆ. ನಮ್ಮಲ್ಲಿ ಈ ಒಂದು ಬದಲಾವಣೆಯೇ ದಿನ ಬದಲಿಸಿದ್ದಕ್ಕಿಂತ ಹೆಚ್ಚು ಫಲ ಕೊಟ್ಟಿತು.

ಕಡ್ಡಾಯದ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಹಾಜರಿ ಏರುವುದು ನಿಜ. ಆದರೆ ಅರ್ಧ ಗಂಟೆ ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ.

ಶಿರಸಿಯ_ಟೆಸ್ಟರ್

ನಾನು ಬೇರೊಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಶಿರಸಿಯ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಮನೆಯಿಂದಲೇ ಕೆಲಸ. ಜೋಡಿಯಲ್ಲಿ ಕರೆಯಿಸಿಕೊಳ್ಳುವವರ ಕಡೆಯಿಂದ ಎರಡು ಮಾತು ಹೇಳಬೇಕೆನಿಸಿತು.

ನನ್ನ ಮೊದಲ ಕಾಫಿ ಒಂದು ವಿಭಾಗದ ಮುಖ್ಯಸ್ಥರ ಜೊತೆ ಬಿತ್ತು. ಅವರು ಒಳ್ಳೆಯವರೇ. ಆದರೆ ಮೊದಲ ಪ್ರಶ್ನೆ ‘ಈಗ ಏನು ಕೆಲಸ ಮಾಡುತ್ತಿದ್ದೀರಿ’ ಎಂದಾಗಿತ್ತು, ಎರಡನೆಯದು ‘ಮುಂದೆ ಏನು ಆಗಬೇಕೆಂದಿದ್ದೀರಿ’. ಸಂದರ್ಶನಕ್ಕೆ ಕುಳಿತ ಹಾಗಾಯಿತು. ಅದೂ ಇಂಗ್ಲಿಷಿನಲ್ಲಿ. ಅವರೂ ಕನ್ನಡದವರೇ ಎಂದು ಆರು ತಿಂಗಳ ನಂತರ ತಿಳಿಯಿತು. ಇನ್ನೊಂದು ಬಾರಿ ಮಳೆ ಹಿಡಿದು ಕರೆಂಟು ಹೋಗಿತ್ತು, ಮೊಬೈಲ್ ನೆಟ್‌ವರ್ಕಿನಲ್ಲಿ ವಿಡಿಯೊ ನಿಲ್ಲುತ್ತಿರಲಿಲ್ಲ. ಜೋಡಿಯಾಗಿದ್ದ ಅಕ್ಕ ‘ವಿಡಿಯೊ ಬೇಡ ಬಿಡಿ, ಫೋನಿನಲ್ಲೇ ಮಾತನಾಡೋಣ’ ಎಂದರು. ಅವರು ಮಲ್ಲೇಶ್ವರದಲ್ಲಿ ತರಕಾರಿಗೆ ಹೊರಟಿದ್ದರು, ನಾನು ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ಒಳಗೆ ಎಳೆಯುತ್ತಿದ್ದೆ. ಆ ದಿನ ಮಾತನಾಡಿದಷ್ಟು ಸಲೀಸಾಗಿ ಕಂಪನಿಯಲ್ಲಿ ಯಾರೊಂದಿಗೂ ಮಾತನಾಡಿರಲಿಲ್ಲ. ನನ್ನ ಟೆಸ್ಟುಗಳು ಮಧ್ಯರಾತ್ರಿ ಏಕೆ ವಿಫಲವಾಗುತ್ತವೆ ಎಂಬುದೂ ಅಂದೇ ತಿಳಿಯಿತು. ಅದೇ ಸರ್ವರ್‌ನಲ್ಲಿ ಅವರ ತಂಡ ಹನ್ನೆರಡಕ್ಕೆ ಬ್ಯಾಕಪ್ ಓಡಿಸುತ್ತಿತ್ತು.

ವಿಡಿಯೊವನ್ನು ಕಡ್ಡಾಯ ಮಾಡಬೇಡಿ ಎಂಬುದಷ್ಟೇ ನನ್ನ ಕೋರಿಕೆ. ಹಾಗೆಯೇ ಹೊಸದಾಗಿ ಸೇರಿದವರನ್ನು ಮೊದಲ ಎರಡು ಸುತ್ತು ಮುಖ್ಯಸ್ಥರ ಜೊತೆ ಹಾಕಬೇಡಿ.

ಮೂರು_ಗಡಿಯಾರ

ಶಿರಸಿಯವರೇ, ಬಹಳ ಉಪಯುಕ್ತವಾದ ಮಾತು. ವಿಡಿಯೊ ಬೇಕಿಲ್ಲ ಎಂದು ನಾವು ಸಂದೇಶದಲ್ಲಿ ಬರೆಯುತ್ತಿರಲಿಲ್ಲ, ಇನ್ನು ಮುಂದೆ ಬರೆಯುತ್ತೇವೆ. ಹೊಸಬರ ವಿಚಾರದಲ್ಲಿ ನಮ್ಮ ಅನುಭವ ಸ್ವಲ್ಪ ಬೇರೆ. ಮುಖ್ಯಸ್ಥರನ್ನು ಆರಂಭದಲ್ಲೇ ಕಂಡದ್ದು ಒಳ್ಳೆಯದಾಯಿತು ಎಂದವರೂ ಇದ್ದಾರೆ. ಇದಕ್ಕೆ ಒಂದೇ ಉತ್ತರವಿದೆ ಎಂದು ನನಗೆ ಅನ್ನಿಸುತ್ತಿಲ್ಲ.

ತಪ್ಪಲು

ಲೆಕ್ಕ ನೋಡಿದ ಮೇಲೆ ಯಾದೃಚ್ಛಿಕ ಜೋಡಿಯ ಬಗ್ಗೆ ನಾನು ಹೇಳಿದ್ದು ತಪ್ಪೆಂದು ಒಪ್ಪುತ್ತೇನೆ. ನಮ್ಮ ಕಂಪನಿಯಲ್ಲಿ ಎಲ್ಲ ತಂಡಗಳೂ ಹೆಚ್ಚುಕಡಿಮೆ ಆರೇಳು ಜನರವು, ಅದಕ್ಕೇ ನಮಗೆ ಆ ತೊಂದರೆ ಕಾಣಲಿಲ್ಲ. ಆದರೆ ಕಡ್ಡಾಯದ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಇಷ್ಟವಿದ್ದವರು ಬನ್ನಿ ಎಂದರೆ, ಯಾರೊಂದಿಗೂ ಸಂಪರ್ಕವಿಲ್ಲದೆ ಒಂಟಿಯಾಗಿರುವವರೇ ಮೊದಲು ಹಿಂದೆ ಸರಿಯುತ್ತಾರೆ. ನಮ್ಮಲ್ಲಿ ಸೇರದೆ ಉಳಿದಿದ್ದ ಇಬ್ಬರೂ ವರ್ಷದೊಳಗೆ ಕೆಲಸ ಬಿಟ್ಟರು. ಗಾಂಧಿಬಜಾರ್ ಅವರ ಕಂಪನಿಯಲ್ಲಿ ಹೊರಗುಳಿದ ಆರು ಜನ ಯಾರು ಎಂದು ಯಾರಾದರೂ ನೋಡಿದ್ದಾರೆಯೇ?

ಗಾಂಧಿಬಜಾರ್

ನೋಡಿರಲಿಲ್ಲ. ಈಗ ನೋಡಿದೆ. ಆರರಲ್ಲಿ ನಾಲ್ವರು ಬೆಂಗಳೂರಿನ ಹೊರಗಿನವರು. ಅವರಲ್ಲಿ ಇಬ್ಬರೊಂದಿಗೆ ನಾನೇ ಮಾತನಾಡುತ್ತೇನೆ, ಕಾರಣವನ್ನು ಅವರ ಬಾಯಿಂದಲೇ ಕೇಳಬೇಕು.

ಮೂರು ಗಡಿಯಾರದವರ ಊಹೆಯನ್ನೂ ಪರೀಕ್ಷಿಸಿದೆ. ಐದನೆಯ ವಾರದಿಂದ ಎಂಟನೆಯ ವಾರದವರೆಗೆ ಒಟ್ಟು 80 ಜೋಡಿಗಳಲ್ಲಿ ಇಬ್ಬರೂ ಎಂಜಿನಿಯರುಗಳಾಗಿದ್ದವು 25. ಅವುಗಳಲ್ಲಿ ಮಾತುಕತೆ ನಡೆದದ್ದು ಕೇವಲ 4. ಉಳಿದ 55ರಲ್ಲಿ 27 ನಡೆದಿವೆ.

ಸಪೋರ್ಟ್_ಸೀಟು

ನಾನು ಹನ್ನೊಂದು ವರ್ಷದಿಂದ ಗ್ರಾಹಕರ ಕರೆಗಳನ್ನು ತೆಗೆದುಕೊಳ್ಳುತ್ತಿರುವವಳು. 10ನೇ ತಾರೀಖಿನ ಆ ರಾತ್ರಿಯ ಬಗ್ಗೆ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು, ಏಕೆಂದರೆ ಅಂತಹ ರಾತ್ರಿಗಳನ್ನು ನಾನೂ ಕಂಡಿದ್ದೇನೆ. ಕಾಫಿಯ ಬಗ್ಗೆ ಸಾಕಷ್ಟು ಚರ್ಚೆಯಾಯಿತು, ಆದ್ದರಿಂದ ಎರಡನೆಯ ಪ್ರಶ್ನೆಗೆ ಬರುತ್ತೇನೆ.

`#cross-team` ಎಂಬ ಚಾನೆಲ್ ಮೌನವಾಗಿರುವುದು ಸಹಜ. ಆ ಹೆಸರಿನಲ್ಲಿ ಯಾವ ವಿಷಯವೂ ಇಲ್ಲ, ಕೇಳಿದ್ದಕ್ಕೆ ಯಾರು ಉತ್ತರಿಸಬೇಕು ಎಂಬುದೂ ಇಲ್ಲ. 46 ಜನ ನೋಡುವಲ್ಲಿ ಒಂದು ಸಣ್ಣ ಅನುಮಾನವನ್ನು ಬರೆಯಲು ಯಾರಿಗೆ ಧೈರ್ಯ ಬರುತ್ತದೆ? ಆದ್ದರಿಂದ ಪ್ರಶ್ನೆಗಳೆಲ್ಲ ಪರಿಚಯದವರ ಖಾಸಗಿ ಸಂದೇಶಕ್ಕೆ ಹೋಗುತ್ತವೆ. ನಮ್ಮಲ್ಲಿ ಚಾನೆಲ್‌ಗಳನ್ನು ವಿಷಯಕ್ಕೊಂದರಂತೆ ತೆರೆದೆವು: `#ask-invoices`, `#ask-payments`, `#ask-database` ಹೀಗೆ. ಪ್ರತಿಯೊಂದಕ್ಕೂ ವಾರಕ್ಕೊಬ್ಬರು ಪಾಳಿಯಲ್ಲಿರುತ್ತಾರೆ. ಅವರ ಹೆಸರು ಚಾನೆಲ್‌ನ ತಲೆಯಲ್ಲೇ ಕಾಣಿಸುತ್ತದೆ, ಅಂದು ಸಂಜೆಯೊಳಗೆ ‘ನೋಡಿದ್ದೇನೆ’ ಎಂದಾದರೂ ಬರೆಯುವುದು ಅವರ ಹೊಣೆ.

ಆದರೆ ಇದಕ್ಕಿಂತ ಮುಖ್ಯವಾದ ಅಭ್ಯಾಸ ಇನ್ನೊಂದಿದೆ. ಯಾರಾದರೂ ಖಾಸಗಿಯಾಗಿ ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಅಲ್ಲಿ ಕೊಡುವುದಿಲ್ಲ. ‘ಒಳ್ಳೆಯ ಪ್ರಶ್ನೆ, ಇದನ್ನು `#ask-database`ನಲ್ಲಿ ಹಾಕಿ, ಈಗಲೇ ಉತ್ತರಿಸುತ್ತೇನೆ’ ಎಂದು ಹೇಳಿ, ನಿಜವಾಗಿಯೂ ಎರಡು ನಿಮಿಷದಲ್ಲಿ ಅಲ್ಲಿ ಉತ್ತರಿಸಬೇಕು. ಎರಡು ನಿಮಿಷ ಎರಡು ಗಂಟೆಯಾದರೆ ಜನ ಮತ್ತೆ ಖಾಸಗಿ ಸಂದೇಶಕ್ಕೇ ಮರಳುತ್ತಾರೆ. ಕಾಫಿಯಲ್ಲಿ ಪರಿಚಯವಾದವರು ಹೀಗೆ ಕರೆದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಗುರುತಿಲ್ಲದವರು ಇದನ್ನೇ ಹೇಳಿದರೆ ತಳ್ಳಿಹಾಕಿದಂತೆ ಕೇಳಿಸುತ್ತದೆ. ಕಾಫಿಗೂ ಚಾನೆಲ್‌ಗೂ ನಂಟು ಇರುವುದು ಇಲ್ಲಿ.

ಎರಡು ಎಚ್ಚರಿಕೆಗಳೂ ಇವೆ. ನಾವು ಉತ್ಸಾಹದಲ್ಲಿ ಅರವತ್ತು ಚಾನೆಲ್ ತೆರೆದಿದ್ದೆವು, ಯಾವುದರಲ್ಲಿ ಏನು ಕೇಳಬೇಕೆಂದು ತಿಳಿಯದೆ ಅಷ್ಟೂ ಮೌನವಾದವು. ಈಗ ಒಂಬತ್ತು ಇವೆ. ಎರಡನೆಯದಾಗಿ, ಆಗ ನಾವು ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿದ್ದೆವು. ಅದರಲ್ಲಿ 90 ದಿನಗಳಿಗಿಂತ ಹಳೆಯ ಸಂದೇಶಗಳು ಕಾಣಿಸುವುದಿಲ್ಲ. ಜೂನ್‌ನಲ್ಲಿ ಬರೆದ ಒಳ್ಳೆಯ ಉತ್ತರ ಅಕ್ಟೋಬರ್‌ನಲ್ಲಿ ಹುಡುಕಿದರೆ ಸಿಗಲಿಲ್ಲ. ನಿಮ್ಮ ಆ 10ನೇ ತಾರೀಖಿನಂತಹ ಸಂಗತಿಯನ್ನು ಚಾನೆಲ್‌ನಲ್ಲಿ ಬರೆದರೂ ಸಾಲದು. ಬದಲಿಗೆ ಬಂದವರು ಯಾವ ಟಿಪ್ಪಣಿಯನ್ನು ತೆರೆದು ನೋಡಿದರೋ ಆ ಟಿಪ್ಪಣಿಯೇ ಬದಲಾಗಬೇಕು.

ಗಾಂಧಿಬಜಾರ್

ಮೇಡಂ, ನಿಮ್ಮ ಕೊನೆಯ ಸಾಲನ್ನು ಓದಿ ಎದ್ದುಹೋಗಿ ಆ ಟಿಪ್ಪಣಿಯನ್ನು ತೆರೆದೆ. ಅದರಲ್ಲಿ ಇನ್ನೂ ‘10ರ ರಾತ್ರಿ 9’ ಎಂದೇ ಇತ್ತು. ಈಗ 14 ಎಂದು ತಿದ್ದಿದ್ದೇನೆ, 8ರಿಂದ 11ರವರೆಗೆ ಏಕೆ ಮುಟ್ಟಬಾರದು ಎಂಬ ಕಾರಣವನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದೇನೆ.

ರಾಜಾಜಿನಗರ_5

ನಾನು ಮೊದಲು ಪ್ರಶ್ನೆಯನ್ನು ಸರಿಯಾಗಿ ಗ್ರಹಿಸಿರಲಿಲ್ಲ, ಕ್ಷಮಿಸಿ. ಒಂದು ಸಂದೇಹ. ಕಾಫಿಯಲ್ಲಿ ಕೆಲಸದ ಮಾತು ಆಡಬಾರದು ಎಂದು ನಮ್ಮ ಎಚ್‌ಆರ್ ಹೇಳುತ್ತಾರೆ. ಇಲ್ಲಿ ಎಲ್ಲರೂ ಹೇಳುತ್ತಿರುವ ಲಾಭಗಳು ಕೆಲಸದ ಮಾತಿನಿಂದಲೇ ಬಂದಂತಿವೆಯಲ್ಲ?

ಮೂರು_ಗಡಿಯಾರ

ಒಳ್ಳೆಯ ಪ್ರಶ್ನೆ. ಗಾಂಧಿಬಜಾರ್ ಅವರ ಕಥೆಯಲ್ಲಿ ಮಾತು ಶುರುವಾದದ್ದು ರಜೆಯಿಂದ, ಶಿರಸಿಯವರ ಕಥೆಯಲ್ಲಿ ಬಹುಶಃ ಮಳೆಯಿಂದ. ಕೆಲಸದ ಮಾತಿಗೆ ನಿಷೇಧ ಹಾಕಿದ್ದರೆ ಎರಡೂ ಅರ್ಧಕ್ಕೇ ನಿಲ್ಲುತ್ತಿದ್ದವು. ಹಾಗೆಂದು ಚರ್ಚೆಯ ವಿಷಯಪಟ್ಟಿ ಕೊಟ್ಟರೆ ಅದು ಮೀಟಿಂಗ್ ಆಗುತ್ತದೆ. ನಾವು ಒಂದೇ ಪ್ರಶ್ನೆಯನ್ನು ಕೊಡುತ್ತೇವೆ: ‘ನಿಮ್ಮ ತಿಂಗಳಲ್ಲಿ ಅತಿ ಕಷ್ಟದ ದಿನ ಯಾವುದು, ಏಕೆ?’ ಇಷ್ಟವಿದ್ದರೆ ಬಳಸಲಿ, ಇಲ್ಲವಾದರೆ ಬಿಡಲಿ.

ಬೇರೆ ತಂಡದ ಪರಿಚಯವೇ ಏಕೆ ಬೇಕು ಎಂಬುದಕ್ಕೆ ಒಂದು ಆಧಾರವನ್ನೂ ಹೇಳುತ್ತೇನೆ. 2020ರ ಮೊದಲ ಆರು ತಿಂಗಳಲ್ಲಿ ಅಮೆರಿಕದಲ್ಲಿರುವ ಮೈಕ್ರೊಸಾಫ್ಟ್‌ನ 61 ಸಾವಿರಕ್ಕೂ ಹೆಚ್ಚು ನೌಕರರ ಸಂಪರ್ಕಗಳನ್ನು ಸಂಶೋಧಕರು ಪರಿಶೀಲಿಸಿ, 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲ್ಲರೂ ಮನೆಗೆ ಹೋದ ಮೇಲೆ ಜನರು ತಮ್ಮ ಗುಂಪಿನೊಳಗೇ ಹೆಚ್ಚು ಹೆಚ್ಚು ಕೂಡಿಕೊಂಡರು, ಗುಂಪು ಗುಂಪಿನ ನಡುವಿನ ಸೇತುವೆಗಳು ಕಡಿಮೆಯಾದವು ಎಂಬುದು ಅದರ ಸಾರ. ನಿಮ್ಮ ಒಂದೇ ತಂಡದವರು ಕಾಫಿ ಇಲ್ಲದೆಯೂ ಚೆನ್ನಾಗಿಯೇ ಇದ್ದಾರೆ. ಕಡಿದುಹೋಗಿರುವುದು ಬೇರೆ ಕೊಂಡಿ.

ಇನ್ನು ಎಷ್ಟು ದಿನಕ್ಕೊಮ್ಮೆ ಎಂಬ ವಿಷಯ. ವಾರಕ್ಕೊಮ್ಮೆ ಎಂಬುದು ಹೆಚ್ಚಾಯಿತು. ಎರಡು ವಾರಕ್ಕೊಮ್ಮೆ ಎಂದು ಬಾಟ್‌ಗೆ ಹೇಳಬಹುದು. ಆದರೆ ನಿಮ್ಮ ವ್ಯವಹಾರದಲ್ಲಿ ಅದೂ ಸಾಲದು. ವಾರದ ಲೆಕ್ಕದಲ್ಲಿ ಹೋದರೆ ಒಂದಲ್ಲ ಒಂದು ತಿಂಗಳು ಸುತ್ತು ಬಂದು 8ರಿಂದ 11ರ ನಡುವೆ ಬೀಳುತ್ತದೆ, ಸಪೋರ್ಟ್‌ನ ಏಳೂ ಜನ ತಪ್ಪಿಸುತ್ತಾರೆ. ಸೇಲ್ಸ್‌ನವರಿಗೆ ತಿಂಗಳ ಕೊನೆಯ ವಾರ ಉಸಿರಾಡಲೂ ಬಿಡುವಿರುವುದಿಲ್ಲ. ನಿಮ್ಮ ಸುತ್ತು ತಾರೀಖಿಗೆ ಕಟ್ಟಿಕೊಂಡಿರಬೇಕು: ತಿಂಗಳ ಮೊದಲ ಕೆಲವು ದಿನಗಳಲ್ಲಿ ಒಂದು, 15ರ ನಂತರ ಒಂದು. ಇದೇ ಕಾರಣಕ್ಕೆ ನಾವು ಬಾಟ್ ಬಿಟ್ಟು ಸಣ್ಣದೊಂದು ಪೈಥಾನ್ ಪ್ರೋಗ್ರಾಮ್ ಬರೆದುಕೊಂಡೆವು. ಅದರ ತಿರುಳು ಇಷ್ಟೇ:

```python
import random

def cost(pairs):
    return sum(5 * (team[a] == team[b])
               + 3 * (frozenset((a, b)) in recent)
               for a, b in pairs)

def draw():
    p = random.sample(people, len(people))
    return list(zip(p[::2], p[1::2]))

best = min((draw() for _ in range(5000)), key=cost)
```

`team` ಎಂಬುದರಲ್ಲಿ ಪ್ರತಿಯೊಬ್ಬರ ಸ್ಟ್ಯಾಂಡಪ್ ತಂಡವನ್ನು ಬರೆಯಿರಿ, `recent`ನಲ್ಲಿ ಕಳೆದ ಆರು ಸುತ್ತುಗಳ ಜೋಡಿಗಳನ್ನು `frozenset` ರೂಪದಲ್ಲಿ ಇಡಿ. ಐದು ಸಾವಿರ ಬಾರಿ ಚೀಟಿ ಎತ್ತಿ, ಸ್ವಂತ ತಂಡದವರೂ ಇತ್ತೀಚೆಗೆ ಕಂಡವರೂ ಅತಿ ಕಡಿಮೆ ಬರುವ ಹಂಚಿಕೆಯನ್ನು ಇದು ಉಳಿಸಿಕೊಳ್ಳುತ್ತದೆ. 40 ಜನರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಜನರ ಸಂಖ್ಯೆ ಬೆಸವಾದರೆ ಒಬ್ಬರು ಉಳಿಯುತ್ತಾರೆ, ಅವರನ್ನು ಯಾವುದಾದರೂ ಜೋಡಿಗೆ ಮೂರನೆಯವರಾಗಿ ಸೇರಿಸುವುದನ್ನು ಮರೆಯಬೇಡಿ. ನಾವು ಮರೆತಿದ್ದೆವು, ಒಂದೇ ಹುಡುಗ ಎರಡು ಸುತ್ತು ಒಂಟಿಯಾಗಿ ಉಳಿದದ್ದು ಮೂರನೆಯ ಸುತ್ತಿನಲ್ಲಿ ಗೊತ್ತಾಯಿತು. ಆ ಬೇಸರ ನನಗೆ ಇನ್ನೂ ಇದೆ.

ದೂರದ ದೇಶದವರಿದ್ದರೆ ಇನ್ನೊಂದು ತೊಡಕಿದೆ. ನಮ್ಮ ಸಂಜೆ ಆರೂವರೆ ಟೊರಾಂಟೊದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತು, ನವೆಂಬರ್ ಮೊದಲ ಭಾನುವಾರದ ನಂತರ ಎಂಟು. ಇನ್ವೈಟ್ ಅವರ ಸಮಯದಲ್ಲಿ ಇದ್ದರೆ ನಮ್ಮವರಿಗೆ ಅದು ಏಳೂವರೆಯಾಗಿ, ಮಕ್ಕಳ ಊಟದ ಹೊತ್ತಿಗೆ ಬರುತ್ತದೆ. ನಿಮಗೆ ಸದ್ಯ ಇದರ ಚಿಂತೆಯಿಲ್ಲ.

ತಪ್ಪಲು

ಫಲ ಸಿಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ಹಾಜರಿ ಎಣಿಸಿದರೆ ಸಾಕೇ?

ಮೂರು_ಗಡಿಯಾರ

ಹಾಜರಿ ಮಾತ್ರವೇ ಸಾಲದು. ಸ್ಲ್ಯಾಕ್‌ನ Analytics ಪುಟದಲ್ಲಿ ಒಟ್ಟು ಸಂದೇಶಗಳಲ್ಲಿ ಸಾರ್ವಜನಿಕ ಚಾನೆಲ್‌ಗಳಲ್ಲಿ ಎಷ್ಟು, ಖಾಸಗಿ ಚಾನೆಲ್‌ಗಳಲ್ಲಿ ಎಷ್ಟು, ಒಬ್ಬರಿಂದೊಬ್ಬರಿಗೆ ಹೋದದ್ದು ಎಷ್ಟು ಎಂಬ ಪಾಲು ಕಾಣುತ್ತದೆ. ಯಾರು ಏನು ಬರೆದರು ಎಂಬುದನ್ನು ನೋಡಬೇಕಾಗಿಲ್ಲ, ನೋಡಲೂ ಬಾರದು. ತಿಂಗಳಿಗೊಮ್ಮೆ ಆ ಪಾಲನ್ನು ಬರೆದಿಡಿ. ಅದರ ಜೊತೆಗೆ `#ask` ಚಾನೆಲ್‌ಗಳಲ್ಲಿ ಬಂದ ಪ್ರಶ್ನೆಗಳಲ್ಲಿ ಬೇರೆ ತಂಡದವರು ಕೇಳಿದ್ದು ಎಷ್ಟು ಎಂದು ಕೈಯಲ್ಲೇ ಎಣಿಸಿ. ನನಗೆ ಹೆಚ್ಚು ನಂಬಿಕೆ ಇರುವುದು ಈ ಎರಡನೆಯ ಎಣಿಕೆಯಲ್ಲಿ.

ಸಪೋರ್ಟ್_ಸೀಟು

ಎಣಿಸಿ, ಆದರೆ ಆ ಸಂಖ್ಯೆಯನ್ನು ಯಾರ ವಾರ್ಷಿಕ ಮೌಲ್ಯಮಾಪನಕ್ಕೂ ಸೇರಿಸಬೇಡಿ. ನಮ್ಮಲ್ಲಿ ಸೇರಿಸಿದ ಮೂರು ತಿಂಗಳಲ್ಲೇ, ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನು ಜನ ಕೇಳತೊಡಗಿದರು.

ಗಾಂಧಿಬಜಾರ್

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಸುತ್ತನ್ನು ತಿಂಗಳಿಗೆ ಎರಡಕ್ಕೆ ಇಳಿಸಿ, 3 ಮತ್ತು 17ನೇ ತಾರೀಖುಗಳಿಗೆ ಕಟ್ಟಿದೆವು. ಅಂದು ರಜೆಯಾದರೆ ಮರುದಿನ. ಎಂಜಿನಿಯರಿಂಗ್ ಅನ್ನು ನಾಲ್ಕು ಸ್ಟ್ಯಾಂಡಪ್ ತಂಡಗಳಾಗಿ ಬರೆದೆವು. ಹಿರಿಯರೇ ಇನ್ವೈಟ್ ಕಳುಹಿಸಬೇಕು, ಫೋನಿನಲ್ಲಿ ಮಾತನಾಡಿದರೂ ಸಾಕು ಎಂದು ಸಂದೇಶದಲ್ಲೇ ಇದೆ. ಮೂರು ಸುತ್ತುಗಳಲ್ಲಿ ಕ್ರಮವಾಗಿ 15, 16, 14 ಜೋಡಿಗಳು ಮಾತನಾಡಿವೆ. ಕಡ್ಡಾಯ ಮಾಡಿಲ್ಲ. ಹೊರಗುಳಿದವರಲ್ಲಿ ಇಬ್ಬರೊಂದಿಗೆ ಮಾತನಾಡಿದೆ. ಒಬ್ಬರು ಸೇರಿದರು. ಇನ್ನೊಬ್ಬರು, ಮನೆಯಲ್ಲಿ ಒಂದೇ ಕೋಣೆಯಿರುವುದರಿಂದ ಕೆಲಸದ ಕರೆಗಳನ್ನು ಬಿಟ್ಟು ಬೇರೆ ಮಾತಿಗೆ ಜಾಗವೇ ಇಲ್ಲ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪಲು ಅವರೇ, ಕಡ್ಡಾಯ ಮಾಡಿದ್ದರೆ ಅವರಿಗೆ ಏನಾಗುತ್ತಿತ್ತು ಎಂದು ಯೋಚಿಸುತ್ತಿದ್ದೇನೆ.

ಚಾನೆಲ್‌ಗಳನ್ನು ನಾಲ್ಕೇ ತೆರೆದೆವು. ಮೂರು ನಡೆಯುತ್ತಿವೆ. `#ask-sales` ಮಾತ್ರ ಮೌನವಾಗಿದೆ. ಸೇಲ್ಸ್‌ನ ಐವರಲ್ಲಿ ಪಾಳಿಗೆ ಒಪ್ಪಿದವರು ಇಬ್ಬರೇ, ಅವರು ದಿನವಿಡೀ ಗ್ರಾಹಕರ ಜೊತೆ ಫೋನಿನಲ್ಲಿರುತ್ತಾರೆ.

ಸಪೋರ್ಟ್_ಸೀಟು

ಸೇಲ್ಸ್‌ನವರಿಗೆ ಬರೆಯಲು ಪುರುಸೊತ್ತಿರುವುದಿಲ್ಲ, ಮಾತನಾಡಲು ಇರುತ್ತದೆ. ಅವರು ಧ್ವನಿ ಸಂದೇಶ ಹಾಕಲಿ, ಪ್ರಶ್ನೆ ಕೇಳಿದವರೇ ಅದನ್ನು ಎರಡು ಸಾಲಿನಲ್ಲಿ ಬರೆದು ಕೆಳಗೆ ಸೇರಿಸಲಿ. ನಮ್ಮಲ್ಲಿ ಇದು ಅರ್ಧ ವರ್ಷ ನಡೆಯಿತು, ಆಮೇಲೆ ಬರೆಯುವವರು ಮರೆತರು. ನಿಮ್ಮಲ್ಲಿ ಹೇಗಾಗುತ್ತದೆಂದು ತಿಳಿಸಿ.

ಗಾಂಧಿಬಜಾರ್

ನಾಳೆಯೇ ಅವರಿಬ್ಬರನ್ನು ಕೇಳುತ್ತೇನೆ. 17ರ ಸುತ್ತಿನಲ್ಲಿ ಅವರಲ್ಲೊಬ್ಬರಿಗೆ ನನ್ನದೇ ಜೋಡಿ ಬಿದ್ದಿದೆ, ಇನ್ವೈಟ್ ನಾನೇ ಕಳುಹಿಸಬೇಕು.